ಬ್ಲಡ್ ಪೀಣ್ಯ

ನನ್ನ ಮೊಬೈಲಿನಲ್ಲಿ ‘ಬ್ಲಡ್ ಪೀಣ್ಯ’ ಅನ್ನೋ ಹೆಸರಿನಲ್ಲಿ ಒಂದು ನಂಬರಿದೆ. ಅದರ ಹಿಂದೆ ಒಬ್ಬ ಮನುಷ್ಯರಿದ್ದಾರೆ, ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೂ ಇದೆ. ಆದರೆ ಆ ಸಂಜೆ ಹೆಸರು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಫೋನು ಮಾಡಿದವರಲ್ಲಿ ಯಾರು ಯಾರೆಂದು ಗೊತ್ತಾಗಲಿ ಅಂತ ‘ಬ್ಲಡ್ ಯಶವಂತಪುರ’, ‘ಬ್ಲಡ್ ಕೆಂಗೇರಿ’, ‘ಬ್ಲಡ್ ಪೀಣ್ಯ’ ಎಂದು ಊರಿನ ಗುರುತು ಹಾಕಿಕೊಂಡು ಹೋಗಿದ್ದೆ. ಉಳಿದವೆಲ್ಲ ಅಳಿಸಿಹೋದವು. ಇದೊಂದು ಉಳಿಯಿತು. ಆ ಮನುಷ್ಯರಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಹೇಳಲು ಒಂದೂವರೆ ವರ್ಷ ತೆಗೆದುಕೊಂಡೆ. ಅದು ಯಾಕೆ ಅಂತ ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

2011ರ ಜೂನ್ ಕೊನೆಯ ವಾರ. ಸಾಗರದ ಹತ್ತಿರದ ಊರಿನಿಂದ ನನ್ನ ಚಿಕ್ಕಮ್ಮನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಕ್ತದ ಕ್ಯಾನ್ಸರ್. ಕೀಮೋ ಎರಡನೇ ಸುತ್ತು ಮುಗಿದು ಹತ್ತು ದಿನವಾಗಿತ್ತು. ಮಳೆ ಹಿಡಿದಿತ್ತು, ಅಡಿಕೆ ತೋಟಕ್ಕೆ ಮದ್ದು ಹೊಡೆಸುವ ಕಾಲ. ಹಾಗಾಗಿ ಚಿಕ್ಕಪ್ಪ ಎರಡು ದಿನದ ಮಟ್ಟಿಗೆ ಊರಿಗೆ ಹೋಗಿದ್ದರು. ಆಸ್ಪತ್ರೆಯಲ್ಲಿ ಇದ್ದವನು ನಾನೊಬ್ಬನೇ. ಚಿಕ್ಕಮ್ಮನಿಗೋ ತನ್ನ ಕಾಯಿಲೆಗಿಂತ ಕೊಳೆರೋಗದ್ದೇ ಚಿಂತೆ. ಕಣ್ಣು ಬಿಟ್ಟಾಗಲೆಲ್ಲ, “ಸುಣ್ಣ, ಮೈಲುತುತ್ತ ತಂದಾಯ್ತಂತನಾ? ಮೊದಲನೇ ಸಲದ ಮದ್ದು ತಡ ಆದ್ರೆ ಕಾಯಿ ಎಲ್ಲಾ ಉದುರ್ತದೆ ಮಾರಾಯ” ಅನ್ನುತ್ತಿದ್ದಳು.

ಕೀಮೋ ಔಷಧಿ ಕೆಟ್ಟ ಕಣಗಳ ಜೊತೆಗೆ ಮೂಳೆಯೊಳಗಿನ ಮಜ್ಜೆಯಲ್ಲಿ ಒಳ್ಳೆಯ ರಕ್ತ ಹುಟ್ಟಿಸುವ ಕಣಗಳನ್ನೂ ಹೊಡೆದುಹಾಕುತ್ತದೆ. ಮಜ್ಜೆ ಮತ್ತೆ ಚಿಗುರುವ ತನಕ ನಡುವೆ ಕೆಲವು ದಿನ ಮೈಯಲ್ಲಿ ಏನೂ ತಯಾರಾಗುವುದಿಲ್ಲ. ಆ ದಿನಗಳನ್ನು ಬೇರೆಯವರಿಂದ ಸಾಲ ತಂದೇ ದಾಟಿಸಬೇಕು. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಅನ್ನುವ ಕಣಗಳು ನಮ್ಮ ನಿಮ್ಮಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಚಿಕ್ಕಮ್ಮನಲ್ಲಿ ಆ ದಿನ ಇದ್ದದ್ದು ಎಂಟು ಸಾವಿರ. ಬೆಳಿಗ್ಗೆ ಮೊಣಕಾಲಿನ ಕೆಳಗೆ ಸೂಜಿಯ ಮೊನೆಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಕಂಡಿದ್ದವು. ಮಧ್ಯಾಹ್ನ ವಸಡಿನಲ್ಲಿ ರಕ್ತ. ನಾಲ್ಕು ಗಂಟೆಗೆ ಶುರುವಾದ ಮೂಗಿನ ರಕ್ತ ಐದಾದರೂ ನಿಲ್ಲಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, “ಮೂಗಿನದ್ದು ಕಣ್ಣಿಗೆ ಕಾಣುತ್ತೆ. ನಮಗೆ ಭಯ ಇರೋದು ತಲೆಯೊಳಗೆ ಆದ್ರೆ ಅಂತ. ಇವತ್ತು ರಾತ್ರಿಯೊಳಗೆ ಎಸ್‌ಡಿಪಿ ಬೇಕು” ಅಂದರು.

ಎಸ್‌ಡಿಪಿ ಅಂದರೆ ಒಬ್ಬರೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್. ಸಾಮಾನ್ಯವಾಗಿ ನಾವು ಕೊಡುವ ಒಂದು ಬಾಟಲಿ ರಕ್ತದಿಂದಲೂ ಪ್ಲೇಟ್‌ಲೆಟ್ ಬೇರ್ಪಡಿಸುತ್ತಾರೆ. ಆದರೆ ಅದು ಕೌಂಟನ್ನು ಏರಿಸುವುದು ಐದೋ ಹತ್ತೋ ಸಾವಿರ. ಹಿಂದಿನ ದಿನ ಅಂಥವು ನಾಲ್ಕು ಚೀಲ ಹಾಕಿದ್ದರು. ಜ್ವರ ಇದ್ದದ್ದರಿಂದ ಎಲ್ಲಿ ಹೋಯಿತೋ, ಕೌಂಟು ಏರಲೇ ಇಲ್ಲ. ಅಂಥ ಆರು ಚೀಲಕ್ಕೆ ಸಮನಾದಷ್ಟನ್ನು ಒಬ್ಬರಿಂದಲೇ ಯಂತ್ರದ ಮೂಲಕ ತೆಗೆಯುವುದು ಎಸ್‌ಡಿಪಿ. ಆ ಹೊತ್ತಿಗೆ ಬ್ಲಡ್ ಬ್ಯಾಂಕಿನಲ್ಲಿ ಅದು ಒಂದೂ ಇರಲಿಲ್ಲ. ಇಡುವುದಕ್ಕೂ ಬರುವುದಿಲ್ಲ. ಪ್ಲೇಟ್‌ಲೆಟ್‌ಗೆ ಆಯುಸ್ಸು ಐದೇ ದಿನ.

ಚಿಕ್ಕಮ್ಮನದು ಓ ಪಾಸಿಟಿವ್. ನಮ್ಮಲ್ಲಿ ಬೇಕಾದಷ್ಟು ಜನರಿಗಿರುವ ಗುಂಪು. ನನ್ನದೂ ಅದೇ. “ನನ್ನದೇ ತಗೊಳ್ಳಿ” ಅಂತ ತೋಳು ಮಡಚಿಕೊಂಡು ಹೋದೆ. ಬ್ಲಡ್ ಬ್ಯಾಂಕಿನ ಹುಡುಗಿ ಫಾರ್ಮು ತುಂಬಿಸುತ್ತಾ, ಮೂರು ದಿನದಲ್ಲಿ ಯಾವುದಾದರೂ ಮಾತ್ರೆ ತಗೊಂಡಿದ್ದೀರಾ ಅಂತ ಕೇಳಿದಳು. ತಗೊಂಡಿದ್ದೆ. ನಾಲ್ಕು ರಾತ್ರಿ ನಿದ್ದೆಗೆಟ್ಟು ತಲೆ ಸಿಡಿಯುತ್ತಿತ್ತು, ಹಿಂದಿನ ದಿನ ಮೆಡಿಕಲ್ ಶಾಪಿನಿಂದ ನೀರಿನಲ್ಲಿ ಕರಗಿಸುವ ತಲೆನೋವಿನ ಮಾತ್ರೆ ತಂದು ಕುಡಿದಿದ್ದೆ. ಅದರಲ್ಲಿ ಆಸ್ಪಿರಿನ್ ಇತ್ತು. ಆಸ್ಪಿರಿನ್ ಸೋಕಿದ ಪ್ಲೇಟ್‌ಲೆಟ್ ಸಾಯುವುದಿಲ್ಲ, ಆದರೆ ಒಂದಕ್ಕೊಂದು ಅಂಟಿಕೊಂಡು ರಕ್ತ ಕಟ್ಟುವ ತನ್ನ ಕೆಲಸವನ್ನು ಇದ್ದಷ್ಟು ದಿನವೂ ಸರಿಯಾಗಿ ಮಾಡುವುದಿಲ್ಲ. “ನೀವು ಬ್ಲಡ್ ಕೊಡಬಹುದು ಸರ್, ಪ್ಲೇಟ್‌ಲೆಟ್ ಬೇಡ” ಅಂದಳು. ಎರಡು ರೂಪಾಯಿಯ ಮಾತ್ರೆ.

ಆಮೇಲೆ ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಮೆಟ್ಟಿಲ ಮೇಲೆ ಕೂತು ಮೆಸೇಜು ಬರೆದೆ: ‘ಅರ್ಜೆಂಟ್. ಓ ಪಾಸಿಟಿವ್ ರಕ್ತ ಬೇಕಾಗಿದೆ. ರೋಗಿಯ ಸ್ಥಿತಿ ಗಂಭೀರ. ದಯವಿಟ್ಟು ಎಲ್ಲರಿಗೂ ಕಳಿಸಿ.’ ಕೆಳಗೆ ಆಸ್ಪತ್ರೆಯ ಹೆಸರು, ನನ್ನ ನಂಬರು. ಮೊಬೈಲಿನಲ್ಲಿದ್ದ ಎಲ್ಲರಿಗೂ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಯಿತು. ಗುರುತಿಲ್ಲದ ಜನ, ಎಂಥ ಒಳ್ಳೆಯ ಜನ! ಆದರೆ ನಾನು ಬರೆದದ್ದರಲ್ಲಿ ಪ್ಲೇಟ್‌ಲೆಟ್ ಅನ್ನುವ ಮಾತೇ ಇರಲಿಲ್ಲ. ಹಾಗಾಗಿ ಬಂದವರೆಲ್ಲ ಹತ್ತು ನಿಮಿಷದ ಕೆಲಸ ಅಂದುಕೊಂಡು ಬಂದರು. ಒಬ್ಬರಿಗೆ ಪರೀಕ್ಷೆಯ ಫಲಿತಾಂಶಕ್ಕೇ ಎರಡು ಮೂರು ಗಂಟೆ ಕಾಯಬೇಕು ಅಂದಾಗ ರಾತ್ರಿಯ ಬಸ್ಸಿತ್ತು. ಕಾಲೇಜು ಹುಡುಗನೊಬ್ಬ ಹೋದ ತಿಂಗಳಷ್ಟೇ ತೋಳಿಗೆ ಹಚ್ಚೆ ಹಾಕಿಸಿಕೊಂಡಿದ್ದ. ಒಬ್ಬ ಹೆಣ್ಣುಮಗಳು ಎಲ್ಲದಕ್ಕೂ ತಯಾರಾಗಿ ಬಂದಿದ್ದರು, ಹಿಮೋಗ್ಲೋಬಿನ್ ಹನ್ನೆರಡೂವರೆ ಬೇಕಾದಲ್ಲಿ ಹನ್ನೊಂದು ಚಿಲ್ಲರೆ ಇತ್ತು. ಇನ್ನೊಬ್ಬರ ತೋಳಿನ ನರ ಯಂತ್ರದ ದಪ್ಪ ಸೂಜಿಗೆ ಸಾಲುವಷ್ಟು ಅಗಲವಿರಲಿಲ್ಲ. ಅಪರೂಪದ ಗುಂಪಾದರೆ ಮಾತ್ರ ಕಷ್ಟ ಅಂತ ನಾನು ತಿಳಿದಿದ್ದೆ. ಊರೆಲ್ಲ ಇರುವ ಗುಂಪಿನಲ್ಲೇ ಒಬ್ಬರು ಸಿಗದೆ ಕೂತಿದ್ದೆ.

ಏಳು ಗಂಟೆಯ ಹೊತ್ತಿಗೆ ಬಂತು ಆ ಫೋನು. ಉತ್ತರ ಕರ್ನಾಟಕದ ಮಾತು.

“ಸರ, ನಿಮಗ ಬೇಕಾಗಿದ್ದು ರಕ್ತನೋ, ಪ್ಲೇಟ್‌ಲೆಟ್ಟೋ?”

ಹಾಗೆ ಕೇಳಿದವರು ಅವರೊಬ್ಬರೇ. ಪ್ಲೇಟ್‌ಲೆಟ್ ಅಂದೆ. “ಎಸ್‌ಡಿಪಿ ಏನ್ರಿ? ಹಂಗಾದ್ರ ಮೊದಲ ಬ್ಲಡ್ ಬ್ಯಾಂಕಿನವರನ್ನ ಕೇಳ್ರಿ, ಕಿಟ್ ಐತೇನು, ಮಷೀನ್ ಇವತ್ತ ರಾತ್ರಿ ಓಡಸ್ತಾರೇನು ಅಂತ. ಅವರು ಹೂಂ ಅಂದ್ರ ನನಗೊಂದು ಮಿಸ್ ಕಾಲ್ ಕೊಡ್ರಿ. ನಾ ಪೀಣ್ಯಾದಾಗ ಅದೀನಿ. ಎರಡು ರೊಟ್ಟಿ ತಿಂದು ಎಂಟರೊಳಗ ಬರ್ತೀನಿ. ಖಾಲಿ ಹೊಟ್ಟೀಲೆ ಬಂದ್ರ ಅವರು ತಗೊಳ್ಳಂಗಿಲ್ಲ.” ಓಡಿಹೋಗಿ ಕೇಳಿದೆ. ಒಂದು ಕಿಟ್ ಇತ್ತು. ಮಿಸ್ ಕಾಲ್ ಕೊಟ್ಟೆ.

ಎಂಟಕ್ಕೆ ಐದು ನಿಮಿಷವಿದ್ದಾಗ ಬಂದರು. ಮೂವತ್ತೈದರ ಆಸುಪಾಸು, ಬೈಕಿನ ಮಳೆಕೋಟು, ಉಗುರಿನ ಸಂದಿಯಲ್ಲಿ ಲೇತ್ ಮಷೀನಿನ ಎಣ್ಣೆಯ ಕಪ್ಪು. ಹಾವೇರಿ ಕಡೆಯವರು. ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ಹುಡುಗಿಗೆ ಕೊಟ್ಟರು, ಹಿಂದಿನ ಸಲ ಕೊಟ್ಟಾಗಿನ ರಿಪೋರ್ಟು. ಇದು ಅವರ ಆರನೆಯ ಸಲ. ಸ್ಯಾಂಪಲ್ ಕೊಟ್ಟು ಕಾಯಲು ಕೂತೆವು. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ, ಇಷ್ಟರ ಪರೀಕ್ಷೆ ಮುಗಿದು, ದಾನಿಯ ಕೌಂಟು ಒಂದೂವರೆ ಲಕ್ಷದ ಮೇಲಿದೆ ಅಂತ ಖಾತ್ರಿಯಾಗುವ ತನಕ ಸೂಜಿ ಚುಚ್ಚುವುದಿಲ್ಲ. ಎರಡು ಗಂಟೆ ದಾಟಿತು. ನಾನು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕಿಟಕಿಯಲ್ಲಿ ಇಣುಕುತ್ತಿದ್ದೆ. ಅವರು, “ಕೂಡ್ರಿ ಸರ. ಅವರ ಹೆಸರೇನ್ರಿ, ಏನ ಮಾಡ್ತಾರ?” ಅಂತ ಚಿಕ್ಕಮ್ಮನ ಬಗ್ಗೆ ಕೇಳಿದರು. ನಾನು ತೋಟದ ಕಥೆ ಹೇಳಿದೆ, ಮದ್ದಿನ ಕಥೆ ಹೇಳಿದೆ. ಎತ್ತರದ ಮರ ಹತ್ತಿ ಮಳೆಯ ನಡುವೆ ಕೊನೆಗೊನೆಗೂ ಔಷಧಿ ಹೊಡೆಯುತ್ತಾರೆ ಅಂದಾಗ ಅವರಿಗೆ ಆಶ್ಚರ್ಯ. ಅಡಿಕೆ ಮರ ಅಷ್ಟು ಹತ್ತಿರದಿಂದ ನೋಡಿಲ್ಲವಂತೆ. ಕೊಯ್ಲು ಯಾವಾಗ ಅಂತ ಕೇಳಿದರು. ದೀಪಾವಳಿ ಕಳೆದು ಅಂದೆ.

ಹತ್ತೂವರೆಗೆ ಒಳಗೆ ಕರೆದರು. ಒಂದೇ ಸೂಜಿ. ತೋಳಿನಿಂದ ಸ್ವಲ್ಪ ಸ್ವಲ್ಪ ರಕ್ತ ಯಂತ್ರದೊಳಕ್ಕೆ ಹೋಗುತ್ತದೆ, ಅಲ್ಲಿ ಬಟ್ಟಲಿನಂಥದ್ದೊಂದು ಗಿರಗಿರ ತಿರುಗಿ ರಕ್ತವನ್ನು ಭಾರಕ್ಕೆ ತಕ್ಕಂತೆ ಪದರ ಪದರವಾಗಿ ಬೇರ್ಪಡಿಸುತ್ತದೆ. ಮೊಸರು ಕಡೆದರೆ ಬೆಣ್ಣೆ ಬೇರೆಯಾಗುವ ಹಾಗೆ. ಪ್ಲೇಟ್‌ಲೆಟ್ ಮಾತ್ರ ಚೀಲಕ್ಕೆ ಹೋಗುತ್ತದೆ, ಉಳಿದ ಕೆಂಪು ರಕ್ತ ಅದೇ ಸೂಜಿಯಲ್ಲಿ ತೋಳಿಗೆ ವಾಪಸ್ಸು. ಮತ್ತೆ ಎಳೆಯುವುದು, ಮತ್ತೆ ಮರಳಿಸುವುದು. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ಬೆರೆಸುತ್ತಾರೆ. ಅದು ಮರಳುವ ರಕ್ತದ ಜೊತೆ ಒಳಗೆ ಹೋಗಿ ಮೈಯ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಅರ್ಧ ಗಂಟೆಯಾದ ಮೇಲೆ ಅವರು ತುಟಿ ಒದ್ದೆ ಮಾಡಿಕೊಳ್ಳುವುದು ಕಂಡೆ. “ತುಟಿ, ಬೆರಳತುದಿ ಜುಮ್ ಅಂತಾವ್ರಿ, ಇರುವಿ ಹರದಂಗ. ಹೇಳಬೇಕು, ಸುಮ್ನ ಇರಬಾರದು” ಅಂದರು. ಹುಡುಗಿ ಯಂತ್ರದ ವೇಗ ಇಳಿಸಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟಳು. ಐದು ನಿಮಿಷದಲ್ಲಿ ಸರಿಹೋಯಿತು.

ಎಂಬತ್ತು ನಿಮಿಷ. ಕೊನೆಗೆ ಸಿಕ್ಕಿದ್ದು ನಿಂಬೆ ಪಾನಕದ ಬಣ್ಣದ ಒಂದು ಸಣ್ಣ ಚೀಲ. ಹುಡುಗಿ ಅದನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಮೆಲ್ಲಗೆ ಓಲಾಡಿಸಿದಳು. ಒಳಗೆ ರೇಷ್ಮೆಯ ನೆರಿಗೆ ಹೊರಳಿದ ಹಾಗೆ ಮಿನುಗುವ ಸುಳಿ. ಕಣಗಳು ಜೀವಂತ, ಚಪ್ಪಟೆ ಆಕಾರದಲ್ಲೇ ಇದ್ದರೆ ಹಾಗೆ ಹೊಳೆಯುತ್ತವಂತೆ. ಕೆಟ್ಟಿದ್ದರೆ ಬರೀ ಮಬ್ಬು. ನಾನು ಅಷ್ಟು ಹೊತ್ತಿಗೆ ಪಕ್ಕದ ಹಾಸಿಗೆಯವರಿಂದ ಐಸ್ ತುಂಬಿದ ಡಬ್ಬಿ ಎರವಲು ತಂದು ನಿಂತಿದ್ದೆ. ಹಿಂದೆ ಕೆಂಪು ರಕ್ತ ತಂದಾಗ ಹಾಗೆ ತಂದಿದ್ದೆವು. ಹುಡುಗಿ ಗದರಿದಳು. ಪ್ಲೇಟ್‌ಲೆಟ್‌ಗೆ ತಂಪು ಆಗದು. ಇಪ್ಪತ್ತರಿಂದ ಇಪ್ಪತ್ನಾಲ್ಕು ಡಿಗ್ರಿಯಲ್ಲಿ, ತೊಟ್ಟಿಲು ತೂಗಿದ ಹಾಗೆ ಸದಾ ಅಲುಗಾಡಿಸುತ್ತಾ ಇಡಬೇಕು. ಚಳಿ ಹಿಡಿದ ಕಣಗಳು ಆಕಾರ ಕೆಡುತ್ತವೆ, ಮೈಗೆ ಹಾಕಿದರೂ ಬೇಗ ಮಾಯವಾಗುತ್ತವೆ. ಆ ಐಸಿಗೆ ಹಾಕಿಬಿಟ್ಟಿದ್ದರೆ ಅವರ ನಾಲ್ಕು ಗಂಟೆ ಹಾಳಾಗುತ್ತಿತ್ತು. ಚೀಲವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೂರನೇ ಮಹಡಿಗೆ ಹೋಗಿ ನರ್ಸಿನ ಕೈಗಿತ್ತು ಬಂದೆ.

ಕೆಳಗೆ ಬಂದರೆ ಅವರು ಬಿಸ್ಕತ್ತು ತಿಂದು ಮಳೆಕೋಟು ಹಾಕಿಕೊಳ್ಳುತ್ತಿದ್ದರು. ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಜೇಬಿನಲ್ಲಿ ಕವರಿಗೆ ಎರಡು ಸಾವಿರ ಹಾಕಿ ಇಟ್ಟುಕೊಂಡಿದ್ದೆ. ಪೆಟ್ರೋಲಿಗೆ ಅಂತ ಕೊಡಲು ಹೋದೆ. ಅವರು ಸಿಟ್ಟಾಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡರು. “ಇದನ್ನ ತಗೊಂಡ್ರ ನಾ ಫಾರ್ಮಿನ್ಯಾಗ ಬರದದ್ದು ಖರೇ ಅಂತ ನೀವು ಹೆಂಗ ನಂಬ್ತೀರಿ ಸರ?” ಅಂದರು.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ದಿನ ಬೇಕಾಯಿತು. ರೋಗಾಣು ಹೊಕ್ಕ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. ಆ ದಿನಗಳಲ್ಲಿ ರೋಗಿಯನ್ನು ಕಾಯುವುದು ದಾನಿ ಹೇಳುವ ನಿಜ ಒಂದೇ. ದುಡ್ಡಿನ ಆಸೆಗೆ ಬಂದವನಿಗೆ ಜ್ವರ, ಕಾಮಾಲೆ, ಇನ್ನೊಂದು ಮುಚ್ಚಿಡಲು ಕಾರಣವಿರುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, 1998ರ ಜನವರಿ ಒಂದರಿಂದ ನಮ್ಮ ದೇಶದಲ್ಲಿ ದುಡ್ಡಿಗೆ ರಕ್ತ ಕೊಡುವುದು ನಿಂತದ್ದರ ಹಿಂದೆ ಇದ್ದದ್ದೂ ಇದೇ ಭಯ. ನಾನು ಕೃತಜ್ಞತೆ ಅಂದುಕೊಂಡು ಚಾಚಿದ ಕವರು ಅವರು ಕೊಟ್ಟದ್ದರ ಬೆಲೆಯನ್ನೇ ಕೆಡಿಸುವಂಥದ್ದಾಗಿತ್ತು.

“ಹಂಗಾದ್ರ ಒಂದು ಚಾ ಕುಡಸ್ರಿ” ಅಂದರು. ಗೇಟಿನ ಹೊರಗೆ ಸೈಕಲ್ಲಿನ ಮೇಲೆ ಫ್ಲಾಸ್ಕಿಟ್ಟುಕೊಂಡವನ ಹತ್ತಿರ ಎರಡು ಟೀ ಕುಡಿದೆವು. ಆಗ ಅವರು ಕೇಳಿಕೊಂಡದ್ದು ಒಂದೇ. “ಮೆಸೇಜ್ ನಿಲ್ಲಸ್ರಿ ಸರ. ಇವತ್ತ ರಾತ್ರಿನೇ. ಅದರಾಗ ನೀವು ತಾರೀಖೇ ಹಾಕಿಲ್ಲ.” ಒಂದು ಸಲ ಅವರು ಯಾವುದೋ ಮಗುವಿಗೆ ಬೇಕು ಅನ್ನುವ ಮೆಸೇಜು ನೋಡಿ ಅರ್ಧ ದಿನದ ಸಂಬಳ ಬಿಟ್ಟು ಹೋಗಿದ್ದರಂತೆ. ನಂಬರು ಚಾಲ್ತಿಯಲ್ಲಿರಲಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ವಿಚಾರಿಸಿದರೆ, ಅದು ಹಳೆಯದು, ವರ್ಷವೇ ಆಯಿತು ಅಂದರು. “ಹಿಂಗ ಎರಡು ಸಲ ಆದ್ರ ಮೂರನೇ ಸಲ ಮಂದಿ ಬರಂಗಿಲ್ರಿ.”

ಆ ರಾತ್ರಿಯೇ ಎಲ್ಲರಿಗೂ ಮತ್ತೊಂದು ಮೆಸೇಜು ಕಳಿಸಿದೆ, ದಾನಿ ಸಿಕ್ಕಿದ್ದಾರೆ, ದಯವಿಟ್ಟು ಮುಂದೆ ಕಳಿಸಬೇಡಿ ಅಂತ. ಆದರೆ ಬೇಕು ಅನ್ನುವ ಮೆಸೇಜು ಓಡಿದಷ್ಟು ವೇಗವಾಗಿ ಸಾಕು ಅನ್ನುವ ಮೆಸೇಜು ಓಡುವುದಿಲ್ಲ. ಮೊದಲನೆಯದು ಎಷ್ಟು ಕೈ ದಾಟಿತ್ತೋ, ಎರಡನೆಯದು ನನ್ನ ಗುರುತಿನವರಲ್ಲೇ ನಿಂತುಬಿಟ್ಟಿತು. ಮೊದಲ ತಿಂಗಳು ದಿನಕ್ಕೆ ಹತ್ತು ಫೋನು, ಆಮೇಲೆ ವಾರಕ್ಕೊಂದು, ತಿಂಗಳಿಗೊಂದು. ಈಗ ಯಾರಾದರೂ ಕೇಳಿದರೆ ಹೀಗೆ ಬರೆಯಿರಿ ಅನ್ನುತ್ತೇನೆ: ಬೇಕಾಗಿರುವುದು ರಕ್ತವೋ ಪ್ಲೇಟ್‌ಲೆಟ್ಟೋ, ಯಾವ ಗುಂಪು, ಯಾವ ಆಸ್ಪತ್ರೆ, ಇವತ್ತಿನ ತಾರೀಖು, ಎಷ್ಟು ಗಂಟೆಯೊಳಗೆ, ಈ ಗಂಟೆಯ ನಂತರ ಮುಂದೆ ಕಳಿಸಬೇಡಿ. ಪ್ಲೇಟ್‌ಲೆಟ್ ಆದರೆ ಇನ್ನೊಂದು ಸಾಲು: ಊಟ ಮಾಡಿ ಬನ್ನಿ, ಮೂರು ದಿನದಲ್ಲಿ ನೋವಿನ ಮಾತ್ರೆ ತಗೊಂಡಿರಬಾರದು, ನಾಲ್ಕು ಗಂಟೆ ಬಿಡುವಿರಲಿ.

ಬೆಳಗಿನ ಜಾವದ ಹೊತ್ತಿಗೆ ಚಿಕ್ಕಮ್ಮನ ಮೂಗಿನ ರಕ್ತ ನಿಂತಿತ್ತು. ಬೆಳಿಗ್ಗೆ ಕೌಂಟು ನಲವತ್ತೊಂದು ಸಾವಿರ. ನಾನು ಅವರಿಗೆ ‘41 ಸಾವಿರ, ಥ್ಯಾಂಕ್ಸ್’ ಅಂತ ಮೆಸೇಜು ಮಾಡಿದೆ. ಅಷ್ಟೇ ಮಾಡಿದ್ದು. ಮೂರನೇ ದಿನ ಅದು ಹತ್ತೊಂಬತ್ತಕ್ಕೆ ಇಳಿಯಿತು. ಕೊಟ್ಟ ಪ್ಲೇಟ್‌ಲೆಟ್ ಮೈಯಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಆದರೆ ಆ ಮೂರು ದಿನದಲ್ಲಿ ಜ್ವರ ಇಳಿಯಿತು, ವಾರ ಕಳೆಯುವಷ್ಟರಲ್ಲಿ ಅವಳ ಮಜ್ಜೆಯೇ ಚಿಗುರಿತು, ಕೌಂಟು ತಾನಾಗಿ ಏರತೊಡಗಿತು. ಸೆಪ್ಟೆಂಬರಿನಲ್ಲಿ ಊರಿಗೆ ಹೋದಳು. ದೀಪಾವಳಿ ಕಳೆದ ಮೇಲೆ ಕೊನೆ ಕೊಯ್ಲು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ತಲೆಗೆ ಹತ್ತಿಯ ಟೋಪಿ ಹಾಕಿಕೊಂಡು, ರಾತ್ರಿ ಅಡಿಕೆ ಸುಲಿಯುವವರ ಜೊತೆ ಹರಟೆ ಹೊಡೆದಳು. ನಾನೂ ಹೋಗಿದ್ದೆ.

ಮುಂದಿನ ಮಳೆಗಾಲಕ್ಕೆ ಕಾಯಿಲೆ ಮರುಕಳಿಸಿತು. ಈ ಸಲ ಕೀಮೋ ಹಿಡಿಯಲಿಲ್ಲ. 2012ರ ಆಗಸ್ಟಿನಲ್ಲಿ ತೀರಿಕೊಂಡಳು.

ಅವರಿಗೆ ನಾನು ಹೇಳಲಿಲ್ಲ. ಹೇಳಬೇಕು ಅಂತ ನಂಬರು ತೆಗೆಯುವುದು, ಇಡುವುದು. ನಾಲ್ಕು ಗಂಟೆ ಕೂತು ಕೊಟ್ಟ ಮನುಷ್ಯನಿಗೆ, ಅವರು ಹೋಗಿಬಿಟ್ಟರು ಅಂದರೆ ಕೊಟ್ಟದ್ದು ವ್ಯರ್ಥವಾಯಿತು ಅನ್ನಿಸೀತು ಅಂತ ನನ್ನ ಅಳುಕು. ಹೀಗೇ ನಾಲ್ಕು ತಿಂಗಳು ಕಳೆದೆ. ಡಿಸೆಂಬರಿನ ಒಂದು ಮಧ್ಯಾಹ್ನ ಆಫೀಸಿನಲ್ಲಿರುವಾಗ ಒಂದು ಫೋನು ಬಂತು. ರಾಯಚೂರಿನಿಂದ ಯಾರೋ ಹುಡುಗ. “ಸರ್, ನಿಮ್ಮ ಪೇಷಂಟ್‌ಗೆ ಓ ಪಾಸಿಟಿವ್ ಬೇಕಂತಲ್ಲ, ನಾನು ನಾಳೆ ಬೆಂಗಳೂರಿಗೆ ಬರ್ತಿದ್ದೀನಿ, ಕೊಡ್ಲಾ?” ಎರಡನೆಯ ವರ್ಷದಲ್ಲೂ ನನ್ನ ಮೆಸೇಜು ತಾರೀಖಿಲ್ಲದೆ ತಿರುಗುತ್ತಲೇ ಇತ್ತು. ಸಿಕ್ಕಿತಪ್ಪಾ, ಒಬ್ಬರು ಕೊಟ್ಟರು ಅಂದೆ. “ಈಗ ಆರಾಮಾ ಸರ್ ಅವರು?” ಅಂತ ಕೇಳಿದ. ನಾನು ಏನೋ ಹೇಳಿ ಫೋನಿಟ್ಟೆ. ಗುರುತಿಲ್ಲದ ಹುಡುಗನೇ ಕೇಳುತ್ತಿದ್ದಾನೆ, ಕೊಟ್ಟವರಿಗೆ ತಿಳಿಯುವ ಹಕ್ಕಿಲ್ಲವಾ ಅನ್ನಿಸಿತು.

ಸಂಜೆ ಪೀಣ್ಯಕ್ಕೆ ಫೋನು ಮಾಡಿದೆ. ಎತ್ತಿದ ಕೂಡಲೇ, “ಹಾಂ ಸರ, ಹೇಳ್ರಿ” ಅಂದರು, ನಿನ್ನೆ ಮಾತಾಡಿದವರ ಹಾಗೆ. ಚಿಕ್ಕಮ್ಮ ಆಗಸ್ಟಿನಲ್ಲಿ ಹೋದಳು ಅಂದೆ. ತಡವಾಗಿ ಹೇಳುತ್ತಿದ್ದೇನೆ, ಅವತ್ತು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ ಅಂದೆ. ಆ ಕಡೆ ಮಷೀನಿನ ಸದ್ದು ಕೇಳುತ್ತಿತ್ತು. ಅವರು ಹೊರಗೆ ಬಂದರೋ ಏನೋ, ಸದ್ದು ಸಣ್ಣದಾಯಿತು.

“ಹೋದ ವರ್ಷದ ಅಡಕಿ ಕೊಯ್ಲು ನೋಡಿದ್ರೇನ್ರಿ ಅವರು?”

ನೋಡಿದಳು ಅಂದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದು, ಟೋಪಿ, ಹರಟೆ, ಎಲ್ಲಾ ಹೇಳಿದೆ. ಮದ್ದು ಸರಿಯಾದ ಹೊತ್ತಿಗೆ ಹೊಡೆದಿದ್ದರಿಂದ ಆ ವರ್ಷ ಕೊಳೆ ಬರಲಿಲ್ಲ ಅಂತಲೂ ಹೇಳಿದೆ. ಅವರು ಹೂಂ ಹೂಂ ಅಂತ ಕೇಳಿಸಿಕೊಂಡರು. ಆಮೇಲೆ ನಾನು ನಾಚಿಕೆ ಬಿಟ್ಟು ಹೆಸರು ಕೇಳಿದೆ. ನನ್ನ ಮೊಬೈಲಿನಲ್ಲಿ ನೀವು ಇನ್ನೂ ‘ಬ್ಲಡ್ ಪೀಣ್ಯ’ ಆಗಿಯೇ ಇದ್ದೀರಿ ಅಂದೆ. ಜೋರಾಗಿ ನಕ್ಕರು. ಹೆಸರು ಹೇಳಿದರು. ಎಲ್ಲಿಯೂ ಬರೆಯಬೇಡ್ರಿ ಅಂತಲೂ ಹೇಳಿದರು, ಅದಕ್ಕೇ ಇಲ್ಲಿ ಬರೆದಿಲ್ಲ.

“ನಂದೂ ಹಂಗ ಐತ್ರಿ ಸರ” ಅಂದರು. “ನನ್ನ ಫೋನಿನ್ಯಾಗ ನೀವು ‘ಅಡಕಿ ಚಿಕ್ಕಮ್ಮ’.”